ಹಸ್ತಾ ಮೂರನೇ ಪಾದ, ಹೆಸರು ವಿಹಾನ್

ನಕ್ಷತ್ರ 27, ಒಂದೊಂದಕ್ಕೂ 4 ಪಾದ, ಒಟ್ಟು 108 ಅಕ್ಷರ. ಇಷ್ಟೆಲ್ಲಾ ಆಯ್ಕೆ ಇದ್ದರೂ ಮಗು ಹೋಗಿ ಹೋಗಿ ಹಸ್ತಾ ಮೂರನೇ ಪಾದದಲ್ಲೇ ಹುಟ್ಟಿತು. ಅಕ್ಷರ ‘ಣ’.

ಣ-ದಿಂದ ಶುರುವಾಗುವ ಪದ ನಿಘಂಟಿನಲ್ಲೇ ಸಿಗುವುದಿಲ್ಲ, ಇನ್ನು ಹೆಸರು ಎಲ್ಲಿಂದ ತರೋದು? ಅಪ್ಪ ಅಮ್ಮನಿಗೆ ಬೇಕಿರುವುದೋ ಎರಡೇ ಅಕ್ಷರದ, ಯಾರೂ ಇಟ್ಟಿರದ, ಅರ್ಥವೂ ಇರುವ, ವಿದೇಶದವರ ನಾಲಿಗೆಗೂ ಸಲೀಸಾಗಿ ಹೊರಳುವ ಹೆಸರು.

ಮೊದಲ ಅನುಮಾನ ಆಸ್ಪತ್ರೆ ಗಡಿಯಾರದ ಮೇಲೆ. ಅದು ಹತ್ತು ನಿಮಿಷ ಮುಂದಿದ್ದಿರಬಹುದು ಅಲ್ವಾ ಅಂದರು ತಾತ. ಆದರೆ ಚಂದ್ರ ಒಂದು ಪಾದ ದಾಟೋಕೆ ಸುಮಾರು 6 ಗಂಟೆ ಬೇಕು, ಮಗು ಹುಟ್ಟಿದ್ದು ಸರಿಯಾಗಿ ಅದರ ನಡುವೆ. ಗಡಿಯಾರ ನಿಂತೇ ಹೋಗಿದ್ದರೆ ಮಾತ್ರ ಏನಾದರೂ ಆಶೆ ಇತ್ತು.

ಪುರೋಹಿತರು ಒಳ್ಳೆಯವರು, ‘ಣ ಬದಲು ನ ಇಡಿ, ನಡೆಯುತ್ತೆ’ ಅಂದರು. ನಡೆಯುತ್ತೆ ನಿಜ, ಆದರೆ ‘ನ’ ಅನೂರಾಧದ ಅಕ್ಷರ. ಕನ್ಯಾ ರಾಶಿಯ ಕೂಸು ಕಣ್ಣುಬಿಡುವ ಮೊದಲೇ ತುಲಾ ದಾಟಿ ವೃಶ್ಚಿಕಕ್ಕೆ ಗುಳೆ ಹೋಯಿತು.

ಅಜ್ಜಿ ಒಪ್ಪಲಿಲ್ಲ. ಪಾದ ಬೇಡ, ನಕ್ಷತ್ರವನ್ನಾದರೂ ಬಿಡಬೇಡಿ ಅಂದರು. ಹಸ್ತಾದಲ್ಲಿ ಉಳಿದದ್ದು ಪು, ಷ, ಠ. ಠ ಕೇಳಿದ ಕೂಡಲೇ ಎಲ್ಲರೂ ಸುಮ್ಮನಾದರು. ಆಗ ಅಜ್ಜಿಯೇ ‘ಪುರು’ ಅಂದರು. ಯಯಾತಿಯ ಮಗ, ಅಪ್ಪನ ಮುಪ್ಪನ್ನೇ ಹೊತ್ತವನು. ಎರಡೇ ಅಕ್ಷರ, ನಕ್ಷತ್ರವೂ ಅದೇ, ಸುತ್ತಮುತ್ತ ಯಾರಿಗೂ ಇಲ್ಲ. ಕೇಳಿದ್ದೆಲ್ಲಾ ಒಂದೇ ಹೆಸರಲ್ಲಿ ಸಿಕ್ಕಿತ್ತು.

‘ತುಂಬಾ ಹಳೇದು ಅಮ್ಮ, ಮಾಡರ್ನ್ ಆಗಿಲ್ಲ’ ಅಂದ ಮಗ.

ಅಂದಹಾಗೆ ಈ ಎರಡಕ್ಷರದ ಹುಚ್ಚು ಮಾಡರ್ನ್ ಏನಲ್ಲ. ಗಂಡುಮಗುವಿಗೆ 2 ಅಥವಾ 4 ಅಕ್ಷರದ ಹೆಸರಿಡಿ ಅಂತ ಪಾರಸ್ಕರ ಗೃಹ್ಯಸೂತ್ರವೇ ಹೇಳಿದೆ. ಅದನ್ನು ಅಲ್ಲಿ ಹೇಳಿಬಿಟ್ಟರೆ ಎರಡಕ್ಷರವೂ ಹಳೇದು ಅಂತ ಬಿಟ್ಟುಬಿಡುತ್ತಾರೇನೋ ಅಂತ ನಾನು ಬಾಯಿ ಬಿಡಲಿಲ್ಲ.

ನಿಜ ಹೊರಬಿದ್ದದ್ದು ನಾಮಕರಣದ ಹಿಂದಿನ ದಿನ. ‘ವಿಹಾನ್’ ಅನ್ನೋ ಹೆಸರು ಐದನೇ ತಿಂಗಳಲ್ಲೇ ಫಿಕ್ಸ್ ಆಗಿತ್ತಂತೆ. ತೊಟ್ಟಿಲಿನ ಬೋರ್ಡೂ ಪ್ರಿಂಟಾಗಿ ಬಂದಿತ್ತು. ‘ವಿ’ ರೋಹಿಣಿಯ ಅಕ್ಷರ, ವೃಷಭ ರಾಶಿ. ಇಷ್ಟು ದಿನ ಎಲ್ಲರೂ ಪಂಚಾಂಗ ತಿರುವಿದ್ದು ಮಗುವಿಗೆ ಹೆಸರು ಹುಡುಕೋಕಲ್ಲ, ವಿಹಾನ್‌ಗೆ ಒಂದು ನಕ್ಷತ್ರ ಹುಡುಕೋಕೆ.

ಶಾಸ್ತ್ರದಲ್ಲಿ ಇದಕ್ಕೂ ದಾರಿ ಇದೆ. ಜನ್ಮನಾಮ ಬೇರೆ, ಕರೆಯುವ ಹೆಸರು ಬೇರೆ. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಎರಡನ್ನೂ ಬರೆಸಿದರು. ಜನ್ಮನಾಮ ‘ನ’ ಇಂದಲೇ, ಏನೋ ಉದ್ದದ್ದು. ಅಪ್ಪ ಅದನ್ನು ಮೊಬೈಲ್ ನೋಡಿಕೊಂಡು ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿದ, ಎರಡನೇ ಸಲ ತಪ್ಪಾಗಿ. ಊಟದ ಹೊತ್ತಿಗೆ ಆ ಹೆಸರು ಯಾರಿಗೂ ನೆನಪಿರಲಿಲ್ಲ. ಹಾಲ್‌ನಲ್ಲಿ ‘ವಿಹಾನ್’ ಅಂತ ಕೂಗಿದರೆ ಮಾತ್ರ ಇನ್ನಿಬ್ಬರು ಮಕ್ಕಳು ತಿರುಗಿ ನೋಡುತ್ತಿದ್ದರು.