ಮಲಗುವ ವೈರಸ್, ಮಲಗದ ವೈರಸ್

"ಎರಡೂ ಮೈಯಲ್ಲೇ ಉಳಿಯುತ್ತವೆ ಅಂತೀರಿ. ಹೆಪಟೈಟಿಸ್ ಸಿ ಮಾತ್ರೆಗೆ ಹೋಗುತ್ತೆ, ಹರ್ಪಿಸ್ ಯಾಕೆ ಹೋಗಲ್ಲ?"

ತುಟಿಯ ಹರ್ಪಿಸ್ ಗುಳ್ಳೆ ಮೊದಲ ಸಲ ಬಂದಾಗ ತೀವ್ರ ಸೋಂಕು. ಎರಡು ಮೂರು ವಾರದಲ್ಲಿ ಒಣಗುತ್ತದೆ. ಆಮೇಲೆ ವೈರಸ್‌ನ ಡಿಎನ್‌ಎ ಮುಖದ ನರದ ಗಂಟಿನಲ್ಲಿ ಸುಮ್ನೆ ಮಲಗಿರುತ್ತದೆ. ಇದೇ ಸುಪ್ತ ಸೋಂಕು. ಹರ್ಪಿಸ್‌ಗೆ ಕೊಡುವ ಅಸೈಕ್ಲೋವಿರ್ ಔಷಧಿ ತಡೆಯುವುದು ವೈರಸ್ ನಕಲಾಗುವುದನ್ನು. ಮಲಗಿದ್ದನ್ನು ಅದು ಮುಟ್ಟುವುದಿಲ್ಲ. ಹಾಗಾಗಿ ಜ್ವರ ಬಂದಾಗಲೋ ಬಿಸಿಲು ಜಾಸ್ತಿಯಾದಾಗಲೋ ಮತ್ತೆ ಗುಳ್ಳೆ ಏಳಬಹುದು.

ಹೆಪಟೈಟಿಸ್ ಸಿ ಮಲಗುವುದೇ ಇಲ್ಲ. ಆರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ಸೋಂಕು ಅನ್ನುತ್ತಾರೆ. ರೋಗಿಗೆ ಏನೂ ಅನಿಸದಿದ್ದರೂ ಲಿವರ್‌ನಲ್ಲಿ ದಿನವೂ ಹೊಸ ವೈರಸ್ ಹುಟ್ಟುತ್ತಲೇ ಇರುತ್ತದೆ. ಹೀಗೆ ನಕಲಾಗುತ್ತಿದ್ದರಷ್ಟೇ ಅದರ ಉಳಿವು. ಸಾಮಾನ್ಯವಾಗಿ 12 ವಾರ ಮಾತ್ರೆ ಕೊಟ್ಟು ನಕಲು ನಿಲ್ಲಿಸಿದರೆ ಹೆಚ್ಚಿನವರಲ್ಲಿ ಪೂರ್ತಿ ಹೋಗುತ್ತದೆ. ವಾಸಿಯಾದ ಮೇಲೂ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬರಬಹುದು. ನೋಡಬೇಕಾದ್ದು ವೈರಸ್ ಈಗಲೂ ಇದೆಯೇ ಎಂದು ತೋರಿಸುವ ಆರ್‌ಎನ್‌ಎ ಪರೀಕ್ಷೆ.