ಮದುವೆ ರಿಜಿಸ್ಟ್ರೇಷನ್‌ಗೆ ಸಾಕ್ಷಿ ಯಾರು? ಮೊದಲೇ ನಿಶ್ಚಯ ಮಾಡಿ

ನಮ್ಮ ಕಾಸರಗೋಡು ಕಡೆ ಮದುವೆ ನಿಶ್ಚಯವಾದ ಕೂಡಲೇ ಹಾಲ್, ಅಡಿಗೆಯವರು, ಫೋಟೋದವರು ಎಲ್ಲ ಬುಕ್ ಆಗುತ್ತಾರೆ. ರಿಜಿಸ್ಟ್ರೇಷನ್ ಮಾತ್ರ "ಮತ್ತೆ ನೋಡುವ" ಎಂದು ಬಾಕಿ. ಹುಡುಗ ಗಲ್ಫಿನಲ್ಲಿದ್ದು ಹುಡುಗಿಗೆ ಫ್ಯಾಮಿಲಿ ವೀಸಾ ಆಗಬೇಕು ಎಂದಾದರೆ ಈ "ಮತ್ತೆ" ಸ್ವಲ್ಪ ದುಬಾರಿ. ಸಾಕ್ಷಿಯ ವಿಷಯದಲ್ಲಿ ಜಾಸ್ತಿ.

ಅಕ್ಕನ ಮಗಳ ಮದುವೆ ಇತ್ತೀಚೆಗೆ ಆಯಿತು. ಅವಳ ಮನೆ ಬದಿಯಡ್ಕ, ಹುಡುಗನದ್ದು ಪುತ್ತಿಗೆ, ಮದುವೆ ಮಧೂರಿನ ಒಂದು ಹಾಲಿನಲ್ಲಿ. ಹುಡುಗನಿಗೆ ಅಬುಧಾಬಿಯಲ್ಲಿ ಕೆಲಸ. ಅರ್ಜಿ ಎಲ್ಲಿ ಕೊಡುವುದು ಎಂದು ಮನೆಯಲ್ಲಿ ದೊಡ್ಡ ಚರ್ಚೆ. ಮದುವೆ ಕಾಗದದಲ್ಲಿ "ಕಾಸರಗೋಡು" ಎಂದಿದೆ, ಹಾಗಾಗಿ ಮುನ್ಸಿಪಾಲಿಟಿ ಎಂದರು ಭಾವ. ಹುಡುಗಿಯ ಮನೆ ಇರುವ ಪಂಚಾಯತ್ ಎಂದರು ಇನ್ನೊಬ್ಬರು. ಎರಡೂ ಅಲ್ಲ. ಕೇರಳದ 2008ರ ಮದುವೆ ನೋಂದಣಿ ನಿಯಮದಲ್ಲಿ ಮದುವೆ ನಡೆದ ಜಾಗವೇ ಲೆಕ್ಕ. ಮನೆ ಎಲ್ಲಿದ್ದರೂ ಸರಿ, ಜಾತಿ ಧರ್ಮ ಯಾವುದಾದರೂ ಸರಿ. ಹಾಲ್ ಮಧೂರು ಪಂಚಾಯತಿಗೆ ಸೇರಿದರೆ ಅರ್ಜಿ ಅಲ್ಲಿಗೇ. ಜನನ ಮರಣ ಬರೆಯುವ ರಿಜಿಸ್ಟ್ರಾರೇ ಇದನ್ನೂ ಬರೆಯುತ್ತಾರೆ. ಮದುವೆಯಾಗಿ 45 ದಿನದೊಳಗೆ ಕೊಟ್ಟರೆ ಸುಲಭ. ದಾಟಿದರೆ ದಂಡ, ಇನ್ನಷ್ಟು ಕಾಗದ, ಇನ್ನಷ್ಟು ಓಡಾಟ.

ದೇವಸ್ಥಾನ, ಮಸೀದಿ, ಇಗರ್ಜಿಯಲ್ಲಿ ಮದುವೆಯಾದರೆ ಅವರು ಕೊಡುವ ಪತ್ರವನ್ನು ಅರ್ಜಿಯ ಜೊತೆ ಇಡಬಹುದು. ಆ ಪತ್ರವೇ ಮ್ಯಾರೇಜ್ ಸರ್ಟಿಫಿಕೇಟ್ ಅಂದುಕೊಂಡು ಸುಮ್ನೆ ಕೂತವರೂ ಇದ್ದಾರೆ! ಹಾಲಿನಲ್ಲಿ ಮನೆ ಭಟ್ಟರು ಮಾಡಿಸಿದ ಮದುವೆಗೆ ಅಂಥ ಪತ್ರ ಇರುವುದಿಲ್ಲ. ಆಗ ಪಂಚಾಯತ್ ಮೆಂಬರೋ ಗೆಜೆಟೆಡ್ ಅಧಿಕಾರಿಯೋ ಮದುವೆ ಆದದ್ದು ಹೌದು ಎಂದು ಬರೆದುಕೊಡಬೇಕು. ನಮ್ಮದು ಹಾಗೇ ಆಯಿತು.

ಇನ್ನು ಸಾಕ್ಷಿ. "ಮಾವ, ಸಾಕ್ಷಿಗೆ ಯಾರನ್ನು ಹಾಕುವುದು?" ಎಂದು ಹುಡುಗಿ ಕೇಳಿದ್ದೇ ತಡ, ಭಾವ ಕುಟುಂಬದ ಹಿರಿಯರೊಬ್ಬರ ಹೆಸರು ಹೇಳಿದರು. ಮರ್ಯಾದೆಗೆ. ಅವರಿರುವುದು ಮುಂಬೈಯಲ್ಲಿ, ಊಟ ಮುಗಿಸಿ ಸಂಜೆ ರೈಲಿಗೆ ಹೋಗುವವರು. ಅರ್ಜಿಯಲ್ಲಿ ಸಾಕ್ಷಿಯ ಹೆಸರು, ಪ್ರಾಯ, ವಿಳಾಸ, ಸಹಿ ಇಷ್ಟೂ ಬೇಕು. ಸಾಕ್ಷಿ ಇಬ್ಬರು ಬೇಕು, ಇಬ್ಬರೂ ಮದುವೆಯನ್ನು ಕಣ್ಣಾರೆ ಕಂಡವರಾಗಿರಬೇಕು. ಆ ಹಿರಿಯರ ಆಧಾರಿನಲ್ಲಿ ಹಳೆಯ ಊರಿನ ವಿಳಾಸ, ಹೆಸರು ಒಂದು ರೀತಿ, ಸಹಿ ಇನ್ನೊಂದು ರೀತಿ. ಏನಾದರೂ ತಕರಾರು ಬಂದರೆ ಅವರನ್ನು ಮುಂಬೈಯಿಂದ ಕರೆಸುವುದಾ?

ನಾನು ಹೇಳಿದ್ದು ಇಷ್ಟು: ಎರಡು ಕಡೆಯಿಂದ ಒಬ್ಬೊಬ್ಬರು, ಊರಿನಲ್ಲೇ ಇರುವವರು, ಫೋನ್ ಮಾಡಿದರೆ ಎತ್ತುವವರು. ಹಾಗೆ ಹುಡುಗಿಯ ಚಿಕ್ಕಪ್ಪ ಮತ್ತು ಹುಡುಗನ ಅಕ್ಕ ನಿಂತರು. ಆಧಾರ್ ನೋಡಿಕೊಂಡೇ ಅವರ ಹೆಸರು, ಮನೆ ಹೆಸರು, ಪಿನ್‌ಕೋಡ್ ಬರೆದೆವು. ಮದುವೆಗೆ ಬಾರದ ಯಾರನ್ನೋ, ಹತ್ತಿರ ಸಿಕ್ಕಿದರು ಎಂದು ಸಾಕ್ಷಿ ಹಾಕುವ ರೂಢಿ ಇದೆಯಲ್ಲ, ಅದು ನನಗೆ ಸುತಾರಾಂ ಇಷ್ಟವಿಲ್ಲ. ಅದು ಸಹಿ ಹಾಕಿ ಹೇಳಿದ ಸುಳ್ಳು. ನಾಳೆ ವೀಸಾದವರು ವಿಚಾರಿಸಿದರೆ ಉತ್ತರ ಕೊಡಬೇಕಾದದ್ದು ಹುಡುಗಿ.

ಈಗ ಅರ್ಜಿ ಕೇರಳದ ಪಂಚಾಯತ್, ಮುನ್ಸಿಪಾಲಿಟಿಗಳ ವೆಬ್‌ಸೈಟ್ ಕೆ-ಸ್ಮಾರ್ಟ್‌ನಲ್ಲಿ, ಆನ್‌ಲೈನ್. ವಿಡಿಯೋ ಕೆವೈಸಿ ಇರುವುದರಿಂದ ರಜೆ ಮುಗಿಸಿ ಹಾರಿದ ಹುಡುಗನಿಗೂ ಅನುಕೂಲ. ಆದರೆ ಟೈಪ್ ಮಾಡುವಾಗ ಪಕ್ಕದಲ್ಲೇ ಕೂತುಕೊಳ್ಳಿ. ನಮ್ಮ ಹುಡುಗಿಯ ಪಾಸ್‌ಪೋರ್ಟಿನಲ್ಲಿ Shrividya. ಮಲಯಾಳಂ ರೂಢಿಯ ಕೈ ತಾನಾಗಿ Sreevidya ಎಂದು ಹೊಡೆಯಿತು. ಸಬ್ಮಿಟ್ ಮಾಡುವ ಮೊದಲೇ ಕಂಡಿತು, ಬಚಾವ್. ಸರ್ಟಿಫಿಕೇಟ್ ಬಂದ ಮೇಲೆ ಆಗಿದ್ದರೆ ತಿದ್ದುಪಡಿಗೆ ಮತ್ತೆ ಅರ್ಜಿ ಕೊಡಬೇಕು. ಮದುವೆಯಾಯಿತೆಂದು ಹೆಸರಿನ ಹಿಂದೆ ಗಂಡನ ಹೆಸರು ಸೇರಿಸಲೂ ಹೋಗಬೇಡಿ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ. ಇನ್ನೊಂದು, ಸರ್ಟಿಫಿಕೇಟಿನಲ್ಲಿ ಎರಡು ತಾರೀಕು ಇರುತ್ತದೆ. ವೀಸಾ ಅರ್ಜಿಯಲ್ಲಿ ಮದುವೆಯ ದಿನ ಕೇಳಿದರೆ ಮುಹೂರ್ತದ ದಿನ ಬರೆಯಿರಿ, ನೋಂದಣಿಯ ದಿನ ಅಲ್ಲ.

ಗಡಿ ದಾಟಿ ಮಂಗಳೂರಿನಲ್ಲಿ ಹಾಲ್ ನೋಡುವವರಿಗೂ ಒಂದು ಮಾತು. ಅಲ್ಲಿ ಮದುವೆಯಾದರೆ ನಮ್ಮ ಪಂಚಾಯತ್ ಅದನ್ನು ಬರೆಯುವುದಿಲ್ಲ, ಕರ್ನಾಟಕದ ಸಬ್‌ರಿಜಿಸ್ಟ್ರಾರ್ ಹತ್ತಿರ ಹೋಗಬೇಕು. ವೀಸಾಕ್ಕೆ ಕೊಡುವ ಮೊದಲು ಸರ್ಟಿಫಿಕೇಟಿಗೆ ಅಟೆಸ್ಟೇಷನ್ ಆಗಬೇಕಲ್ಲ, ಅಲ್ಲೂ ಇದು ಮುಖ್ಯ. ಹಲವು ದೇಶಗಳು ಒಪ್ಪುವ ಅಪೊಸ್ಟಿಲ್ ಎಂಬ ಒಂದೇ ಮುದ್ರೆ ಯುಎಇಗೆ ನಡೆಯುವುದಿಲ್ಲ. ಸರ್ಟಿಫಿಕೇಟ್ ಕೊಟ್ಟ ರಾಜ್ಯದ ಅಟೆಸ್ಟೇಷನ್, ಆಮೇಲೆ ವಿದೇಶಾಂಗ ಇಲಾಖೆ, ಆಮೇಲೆ ಯುಎಇ ದೂತಾವಾಸ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯ. ಕೇರಳದ ಸರ್ಟಿಫಿಕೇಟಿಗೆ ಮೊದಲ ಮೆಟ್ಟಿಲು ಹೊರನಾಡ ಕೇರಳೀಯರಿಗಾಗಿ ಇರುವ ಸರಕಾರಿ ಸಂಸ್ಥೆ ನೋರ್ಕಾದಲ್ಲಿ ಆಗುತ್ತದೆ. ಮಂಗಳೂರಿನ ಸರ್ಟಿಫಿಕೇಟ್ ಹಿಡಿದು ನೋರ್ಕಾಕ್ಕೆ ಹೋದರೆ ಆಗದು, ಅದಕ್ಕೆ ಕರ್ನಾಟಕದ ಮುದ್ರೆಯೇ ಬೇಕು. ಹಾಲಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನೂ ಲೆಕ್ಕ ಹಾಕಿ.