ಕ್ಯಾಶ್ ಕ್ಲಿಯರ್ ಮಾಡಿ ಅಂದರೆ ದುಡ್ಡು ಕೊಡಿ ಅಂತಲ್ಲ

ಜಾಗ ಸಾಲುತ್ತಿಲ್ಲ, ಕ್ಯಾಶ್ ಕ್ಲಿಯರ್ ಮಾಡಿ ಎಂದಿತು ಫೋನ್. ನಮ್ಮ ದೊಡ್ಡಪ್ಪ ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತರು. "ಅಲ್ಲ ಕಣೋ, ನನ್ನ ದುಡ್ಡು ಕ್ಲಿಯರ್ ಮಾಡೋಕೆ ಇದ್ಯಾರು?"

ಅವರದು ತಪ್ಪೇನಿಲ್ಲ. ಬರೆಯೋದು cache, ಓದೋದು ಕ್ಯಾಶ್. ಮೂಲ ಫ್ರೆಂಚ್, ಬಚ್ಚಿಡು ಅಂತ ಅರ್ಥ. 1968ರಲ್ಲಿ ಐಬಿಎಂನವರು ದೊಡ್ಡ ಕಂಪ್ಯೂಟರಿನ ಒಂದು ಚುರುಕು ಮೆಮೊರಿಗೆ ಈ ಹೆಸರು ಬಳಸಿದರು. ಈಗ ಅದೇ ಪದ ಎಲ್ಲರ ಜೇಬಿನಲ್ಲಿದೆ, ಅರ್ಥ ಮಾತ್ರ ಇನ್ನೂ ಬಚ್ಚಿಟ್ಟುಕೊಂಡೇ ಇದೆ.

ವಿಷಯ ಇಷ್ಟೇ. ಆ್ಯಪ್ ಒಮ್ಮೆ ತರಿಸಿಕೊಂಡ ಚಿತ್ರ, ವಿಡಿಯೋ ತುಣುಕನ್ನು ಫೋನಿನಲ್ಲೇ ಒಂದು ನಕಲು ಇಟ್ಟುಕೊಳ್ಳುತ್ತದೆ. ಮತ್ತೆ ಬೇಕಾದಾಗ ಇಂಟರ್‌ನೆಟ್‌ಗೆ ಓಡಬೇಕಾಗಿಲ್ಲ. ಅಳಿಸಿದರೆ ನಿಮ್ಮದೇನೂ ಹೋಗಲ್ಲ, ಆ್ಯಪ್ ಇನ್ನೊಮ್ಮೆ ತರಿಸಿಕೊಳ್ಳುತ್ತದೆ. ನಿಮ್ಮ ಡೇಟಾ ಖರ್ಚಿನಲ್ಲಿ, ಅಷ್ಟೇ.

ದೊಡ್ಡಪ್ಪನ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್ ತೆರೆದು ಅವರ ಪ್ರೀತಿಯ ವಿಡಿಯೋ ಆ್ಯಪ್ ನೋಡಿದೆ. ಆ್ಯಪ್ 160 ಎಂಬಿ, ಕ್ಯಾಶ್ 1.4 ಜಿಬಿ. ಅತಿಥಿಗಿಂತ ಲಗೇಜೇ ಜಾಸ್ತಿ. ಕೆಳಗೆ ಅಕ್ಕಪಕ್ಕ ಎರಡು ಬಟನ್: Clear cache, Clear storage. ಮೊದಲನೆಯದು ನಕಲುಗಳನ್ನಷ್ಟೇ ಗುಡಿಸುತ್ತದೆ. ಎರಡನೆಯದು ಲಾಗಿನ್, ಸೆಟ್ಟಿಂಗ್, ಆಫ್‌ಲೈನ್‌ಗೆಂದು ಇಳಿಸಿಕೊಂಡ ವಿಡಿಯೋ ಎಲ್ಲವನ್ನೂ ಬಾಚಿ ಆ್ಯಪನ್ನು ಹುಟ್ಟಿದ ದಿನಕ್ಕೆ ಒಯ್ಯುತ್ತದೆ. ಕಸದ ಬುಟ್ಟಿಯನ್ನೂ ಬೀರುವನ್ನೂ ಒಟ್ಟಿಗೆ ಜೋಡಿಸಿ, ಯಾವುದಾದರೂ ಒಂದನ್ನು ಖಾಲಿ ಮಾಡಿ ಅಂದ ಹಾಗೆ.

ಮೊದಲನೆಯದನ್ನು ಒತ್ತಿದೆ. 1.4 ಜಿಬಿ ಮಾಯ. ದೊಡ್ಡಪ್ಪ ಖುಷಿಯಾಗಿ ಹತ್ತು ದಿನ ವಿಡಿಯೋ ನೋಡಿದರು. ಹನ್ನೊಂದನೇ ದಿನ ಫೋನ್ ಮತ್ತೆ ಶುರು: ಕ್ಯಾಶ್ ಕ್ಲಿಯರ್ ಮಾಡಿ. "ತುಂಬಿಸಿದ್ದು ಅದೇ, ಗುಡಿಸಬೇಕಾದವನು ಮಾತ್ರ ನಾನಾ?" ಎಂದರು.

ತಮಾಷೆ ಏನೆಂದರೆ, ಜಾಗ ತೀರಾ ಕಡಿಮೆಯಾದರೆ ಆಂಡ್ರಾಯ್ಡ್ ತಾನೇ ಕ್ಯಾಶ್ ಅಳಿಸುತ್ತದೆ. 2017ರ 8ನೇ ಆವೃತ್ತಿಯಿಂದ ಪ್ರತಿ ಆ್ಯಪ್‌ಗೂ ಇಂತಿಷ್ಟು ಅಂತ ಪಾಲು ಗೊತ್ತು ಮಾಡಿ, ಪಾಲು ಮೀರಿದವರದನ್ನೇ ಮೊದಲು ತೆಗೆಯುತ್ತದೆ. ಕೈಯಾರೆ ಅಳಿಸಬೇಕಾಗೋದು ನಕಲು ಕೆಟ್ಟಾಗ. ಪ್ರೊಫೈಲ್ ಫೋಟೋ ಬದಲಾಯಿಸಿ ವಾರವಾದರೂ ಹಳೇ ಮುಖವೇ ಕಾಣುತ್ತಿದ್ದರೆ, ಒಂದು ಪುಟ ಅರ್ಧ ಬಂದು ಅಲ್ಲೇ ನಿಂತರೆ, ಆಗ ಆ ಒಂದು ಆ್ಯಪ್‌ನದು ಮಾತ್ರ ಅಳಿಸಿ ನೋಡಬೇಕು. ಕಸ್ಟಮರ್ ಕೇರ್‌ನವರಿಗೆ ಇಷ್ಟೆಲ್ಲ ಬೇಡ. ಚಾರ್ಜರ್ ಸುಟ್ಟಿದೆ ಅಂದರೂ "ಕ್ಯಾಶ್ ಕ್ಲಿಯರ್ ಮಾಡಿದ್ರಾ ಸರ್?"

ದೊಡ್ಡಪ್ಪ ಸುಮ್ನೆ ಕೂರಲಿಲ್ಲ. ಯಾರೋ ಹೇಳಿದರು ಅಂತ ಕ್ಲೀನರ್ ಆ್ಯಪ್ ಒಂದನ್ನು ಹಾಕಿಸಿಕೊಂಡರು. ದಿನಾ ಪೊರಕೆ ಆಡಿಸುವ ಚಿತ್ರ, ನಡುವೆ ಎರಡು ಜಾಹೀರಾತು. ನಿನ್ನೆ ಅದರ ಲೆಕ್ಕವನ್ನೂ ತೆರೆದು ನೋಡಿದೆ. ಕ್ಯಾಶ್ 310 ಎಂಬಿ.